ಶಾಲಾ ವಿಜ್ಞಾನದ ವಿಡಿಯೊ ಸರಣಿ: ಗೊಂಬೆ, ಕಂತಿನ ಚೌಕಟ್ಟು ಮತ್ತು ಕೊನೆಯ ಕ್ವಿಜ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಿರಿಯ ಪ್ರಾಥಮಿಕ ತರಗತಿಗಳಿಗೆ ಕನ್ನಡದಲ್ಲಿ ವಿಜ್ಞಾನದ ವಿಡಿಯೊ ಮಾಡಹೊರಟ ಶಿಕ್ಷಕರಿಗಾಗಿ ಈ ಪುಟ. ಉತ್ತರಗಳೆಲ್ಲ ಒಂದೇ ಉದಾಹರಣೆಯ ಸುತ್ತ ಇವೆ: ಆರನೇ ತರಗತಿಯ ವಿದ್ಯುತ್ ಮಂಡಲದ ಪಾಠ. ಒಂದು ಸೆಲ್, ಒಂದು ಟಾರ್ಚ್ ಬಲ್ಬ್, ಎರಡು ತುಂಡು ವೈರು, ಜೊತೆಗೆ ಚಿಣ್ಣಿ ಎಂಬ ಅಳಿಲಿನ ಕೈಗೊಂಬೆ, ಅದರೊಡನೆ ಮಾತಾಡುತ್ತ ಪಾಠ ನಡೆಸುವ ಅಕ್ಕ. ಪಾಠ ಯಾವುದಾದರೂ ಕೆಲಸದ ಕ್ರಮ ಇದೇ.

ಮೊದಲು ಏನು ಬರೆಯಬೇಕು? ಕಥೆಯೋ, ಗೊಂಬೆಯ ಮಾತೋ, ಪಾಠವೋ?

ಮೊದಲು ಕ್ವಿಜ್ ಬರೆಯಿರಿ. ಹೆಚ್ಚಿನವರು ಪಾಠದ ಸ್ಕ್ರಿಪ್ಟ್ ಮುಗಿಸಿ, ಶೂಟಿಂಗ್ ಮುಗಿಸಿ, ಕೊನೆಗೆ ಎಡಿಟಿಂಗ್ ಹೊತ್ತಿನಲ್ಲಿ ಕ್ವಿಜ್ ಬರೆಯಲು ಕೂರುತ್ತಾರೆ. ಆಗ ಹುಟ್ಟುವ ಪ್ರಶ್ನೆಗಳು ವಿಡಿಯೊದಲ್ಲಿ ಹೇಳಿದ ವಾಕ್ಯಗಳನ್ನೇ ತಿರುಗಿಸಿ ಕೇಳುತ್ತವೆ: "ಬಲ್ಬಿನೊಳಗಿನ ತೆಳು ತಂತಿಯನ್ನು ಏನೆನ್ನುತ್ತಾರೆ?" ಮಗು "ತಂತು" ಎನ್ನುತ್ತದೆ. ಉತ್ತರ ಸರಿ, ಆದರೆ ಆ ಮಗುವಿನ ಕೈಗೆ ಸೆಲ್ಲು, ಬಲ್ಬು, ವೈರು ಕೊಟ್ಟರೆ ಬಲ್ಬು ಹೊತ್ತಿಸಲು ಬರುವುದಿಲ್ಲ.

ಕಂತು ನೋಡಿದ ಮೇಲೆ ಮಗು ಏನು ಮಾಡಬಲ್ಲದು ಎಂಬುದನ್ನು ಮೂರು ಪ್ರಶ್ನೆಗಳಲ್ಲಿ ಬರೆದಿಟ್ಟುಕೊಂಡರೆ ಸ್ಕ್ರಿಪ್ಟಿನಲ್ಲಿ ಯಾವುದು ಬೇಕು, ಯಾವುದು ಬೇಡ ಎಂಬುದು ತಾನಾಗಿ ತೀರ್ಮಾನವಾಗುತ್ತದೆ. ಬಲ್ಬನ್ನು ಕಂಡುಹಿಡಿದವರ ಕಥೆ ಆ ಮೂರು ಪ್ರಶ್ನೆಗಳಿಗೆ ಬೇಕಿಲ್ಲ, ಹಾಗಾಗಿ ಅದು ಈ ಕಂತಿಗೆ ಬೇಡ.

ಒಂದು ಕಂತಿನಲ್ಲಿ ಎಷ್ಟು ವಿಷಯ ಹೇಳಬಹುದು?

ಒಂದು ಕಂತಿಗೆ ಒಂದು ತಪ್ಪು ಕಲ್ಪನೆ. ಲೆಕ್ಕ ಇಡಬೇಕಾದದ್ದು ಇದನ್ನೇ ಹೊರತು ಪಠ್ಯಪುಸ್ತಕದ ಪುಟಗಳನ್ನಲ್ಲ. ವಿದ್ಯುತ್ ಮಂಡಲದ ಪಾಠದಲ್ಲಿ ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವ ಕಲ್ಪನೆಗಳು ಮೂರು. ಬಲ್ಬಿಗೆ ಒಂದೇ ವೈರು ಸಾಕು ಎನ್ನುವುದು ಮೊದಲನೆಯದು. ಸೆಲ್ಲಿನ ಎರಡೂ ತುದಿಯಿಂದ ಕರೆಂಟ್ ಹೊರಟು ಬಲ್ಬಿನಲ್ಲಿ ಡಿಕ್ಕಿ ಹೊಡೆದು ಬೆಳಕಾಗುತ್ತದೆ ಎನ್ನುವುದು ಎರಡನೆಯದು. ಬಲ್ಬು ಒಂದಷ್ಟು ಕರೆಂಟ್ ತಿಂದುಬಿಡುತ್ತದೆ, ವಾಪಸ್ ಬರುವಾಗ ಕಡಿಮೆ ಇರುತ್ತದೆ ಎನ್ನುವುದು ಮೂರನೆಯದು. ಇವನ್ನು ಒಂದೇ ಕಂತಿನಲ್ಲಿ ಸೇರಿಸಿದರೆ ಒಂದೂ ಅಲುಗುವುದಿಲ್ಲ. ಮೂರು ಕಂತು ಮಾಡಿ.

ಮಕ್ಕಳಲ್ಲಿ ಯಾವ ತಪ್ಪು ಕಲ್ಪನೆ ಇದೆ ಎಂದು ನಮಗೆ ಗೊತ್ತಾಗುವುದು ಹೇಗೆ?

ಪಾಠ ಮಾಡುವ ಮೊದಲೇ ಒಂದು ತರಗತಿಗೆ ಹೋಗಿ ಪ್ರತಿ ಮಗುವಿಗೂ ಒಂದು ಹಾಳೆ ಕೊಡಿ. ಬೋರ್ಡಿನ ಮೇಲೆ ಒಂದು ಸೆಲ್, ಒಂದು ಬಲ್ಬ್ ಬಿಡಿಬಿಡಿಯಾಗಿ ಬರೆದು "ಈ ಬಲ್ಬು ಹೊತ್ತಬೇಕು, ವೈರು ಎಲ್ಲೆಲ್ಲಿ ಮುಟ್ಟಿಸುತ್ತೀರಿ, ಬರೆದು ತೋರಿಸಿ" ಎನ್ನಿ. ಹತ್ತು ನಿಮಿಷ ಸಾಕು. ಹಾಳೆಗಳನ್ನು ಗುಂಪು ಮಾಡಿದರೆ ಒಂದೇ ವೈರು ಎಳೆದವರು, ಎರಡೂ ವೈರನ್ನು ಬಲ್ಬಿನ ಬುಡಕ್ಕೇ ತಂದವರು, ಗಾಜಿಗೆ ಮುಟ್ಟಿಸಿದವರು, ಸರಿಯಾಗಿ ಬರೆದವರು ಬೇರೆಬೇರೆಯಾಗಿ ಕಾಣುತ್ತಾರೆ.

ಆಮೇಲೆ ಒಂದೊಂದು ಗುಂಪಿನಿಂದ ಒಬ್ಬರನ್ನು ಕರೆದು "ಯಾಕೆ ಹೀಗೆ?" ಎಂದು ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಗೊಂಬೆಯ ಸಂಭಾಷಣೆಗೂ ಕ್ವಿಜ್‌ನ ತಪ್ಪು ಆಯ್ಕೆಗಳಿಗೂ ಈ ಮಾತುಗಳೇ ಬಂಡವಾಳ. ನಾವು ಮೇಜಿನ ಮುಂದೆ ಕೂತು ಊಹಿಸಿದ ತಪ್ಪುಗಳಿಗೆ ಮಕ್ಕಳು ಬೀಳುವುದೇ ಇಲ್ಲ.

ಗೊಂಬೆಯ ಕೆಲಸವೇನು? ಮಕ್ಕಳನ್ನು ನಗಿಸುವುದಷ್ಟೇ ಅಲ್ಲವೇ?

ನಗಿಸಲಿ, ತೊಂದರೆಯಿಲ್ಲ. ಆದರೆ ಅದರ ಮುಖ್ಯ ಕೆಲಸ ಆ ತಪ್ಪು ಕಲ್ಪನೆಯನ್ನು ನಂಬಿಕೆಯಿಂದ, ಕಾರಣ ಕೊಟ್ಟು ಹೇಳುವುದು. ನಮ್ಮ ಕಂತಿನಲ್ಲಿ ಚಿಣ್ಣಿ ಹೀಗೆನ್ನುತ್ತದೆ: "ಅಕ್ಕಾ, ಶಾಲೆ ಕಿಟಕಿಯಿಂದ ನೋಡಿದೀನಿ, ಹೆಡ್‌ಮಾಸ್ಟರ್ ಮೇಜಿನ ದೀಪಕ್ಕೆ ಒಂದೇ ವೈರು ಬಂದಿದೆ. ಹಂಗಾದ್ರೆ ಇದಕ್ಕೂ ಒಂದೇ ಸಾಕಲ್ವಾ?" ಇದು ಪೆದ್ದು ಮಾತಲ್ಲ. ಹೊರಗಿನಿಂದ ನೋಡಿದರೆ ದೀಪಕ್ಕೆ ಬರುವುದು ಒಂದೇ ವೈರು. ಒಂದೇ ವೈರು ಎಳೆದ ಮಗುವೂ ಇದನ್ನೇ ನೋಡಿರುತ್ತದೆ.

ಡೆರೆಕ್ ಮುಲ್ಲರ್ ಅವರು 2008ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಮಾಡಿದ ಪಿಎಚ್‌ಡಿ ಅಧ್ಯಯನ ಇದೇ ವಿಷಯದ್ದು. ನೇರವಾಗಿ, ಸ್ಪಷ್ಟವಾಗಿ ವಿವರಿಸಿದ ವಿಡಿಯೊ ನೋಡಿದ ಭೌತಶಾಸ್ತ್ರದ ವಿದ್ಯಾರ್ಥಿಗಳು "ಚೆನ್ನಾಗಿ ಅರ್ಥವಾಯಿತು" ಎಂದರೂ ಪರೀಕ್ಷೆಯಲ್ಲಿ ಅಷ್ಟಾಗಿ ಮುಂದುವರಿದಿರಲಿಲ್ಲ. ಇಬ್ಬರ ಸಂಭಾಷಣೆಯಲ್ಲಿ ತಪ್ಪು ಕಲ್ಪನೆಯನ್ನು ಎತ್ತಿ, ಚರ್ಚಿಸಿ, ಬಿಡಿಸಿದ ವಿಡಿಯೊ ನೋಡಿದವರು ಗೊಂದಲವಾಯಿತು ಎಂದರು, ಆದರೆ ಹೆಚ್ಚು ಕಲಿತಿದ್ದರು. ಕಾರಣ ಹೀಗಿದೆ: ತನಗೆ ಇದು ಗೊತ್ತಿದೆ ಎಂದುಕೊಂಡ ಮನಸ್ಸು ಸರಿಯಾದ ವಿವರಣೆಯನ್ನು ಕೇಳಿಯೂ ತನ್ನ ಹಳೆಯ ಕಲ್ಪನೆಯನ್ನೇ ಅದರೊಳಗೆ ಕಾಣುತ್ತದೆ. ಅವರು ಕಾಲೇಜು ವಿದ್ಯಾರ್ಥಿಗಳು, ಹನ್ನೊಂದು ವರ್ಷದ ಮಕ್ಕಳಲ್ಲ ಎಂಬುದನ್ನು ಮರೆಯಬಾರದು. ಚಿಕ್ಕ ಮಕ್ಕಳಿಗೆ ಆ ಗೊಂದಲ ಬಹಳ ಹೊತ್ತು ಉಳಿಯಬಾರದು, ಆದ್ದರಿಂದ ಎರಡು ನಿಮಿಷದೊಳಗೆ ಪ್ರಯೋಗ ಕಣ್ಣಮುಂದೆ ಬರಬೇಕು.

ಗೊಂಬೆಯ ಸ್ವಭಾವವನ್ನು ಹೇಗೆ ಗೊತ್ತುಮಾಡುವುದು?

ಒಂದೇ ಹಾಳೆಯಲ್ಲಿ ನಾಲ್ಕು ವಿಷಯ ಬರೆಯಿರಿ: ಅದು ಎಲ್ಲಿರುತ್ತದೆ, ಏನನ್ನು ನೋಡಿರಲು ಸಾಧ್ಯ, ಪ್ರತಿ ಕಂತಿನಲ್ಲೂ ಮಾಡುವ ಒಂದು ಕೆಲಸ, ಎಂದೂ ಮಾಡದ ಕೆಲಸಗಳು. ಚಿಣ್ಣಿ ಶಾಲೆಯ ಪಕ್ಕದ ಮಾವಿನ ಮರದಲ್ಲಿರುತ್ತದೆ. ಕಿಟಕಿಯಿಂದ ಕಂಡದ್ದೆಲ್ಲ ಅದಕ್ಕೆ ಗೊತ್ತು, ಪುಸ್ತಕದ್ದು ಗೊತ್ತಿಲ್ಲ. ಪ್ರತಿ ಸಲವೂ ಪ್ರಯೋಗಕ್ಕೆ ಮುಂಚೆ "ಹೀಗಾಗುತ್ತೆ ನೋಡು" ಎಂದು ಹೇಳಿಯೇ ತೀರುತ್ತದೆ. ಪ್ಲಗ್ ಪಾಯಿಂಟನ್ನು, ಉರಿಯುವ ಬೆಂಕಿಯನ್ನು ಎಂದೂ ಮುಟ್ಟುವುದಿಲ್ಲ, ತಮಾಷೆಗೂ ಇಲ್ಲ. ಮಕ್ಕಳು ಮೊದಲು ಅನುಕರಿಸುವುದು ಗೊಂಬೆಯನ್ನೇ. ಸೋತಾಗ ಅಳುವುದಾಗಲಿ, ಅಕ್ಕ ಅದನ್ನು ಗೇಲಿ ಮಾಡುವುದಾಗಲಿ ಇರಬಾರದು. ಚಿಣ್ಣಿಯನ್ನು ನೋಡಿ ನಕ್ಕರೆ ಅದೇ ಹಾಳೆ ಬರೆದಿದ್ದ ಮಗುವನ್ನು ನೋಡಿ ನಕ್ಕಂತಾಗುತ್ತದೆ.

ಪಾರಿಭಾಷಿಕ ಪದಗಳು ಅಕ್ಕನ ಬಾಯಲ್ಲಿ ಮಾತ್ರ ಬರಲಿ. ಚಿಣ್ಣಿ "ಕರೆಂಟ್ ಸುತ್ತು ಬಂತು" ಎನ್ನುತ್ತದೆ, ಅಕ್ಕ "ಇದೇ ಪೂರ್ಣ ಮಂಡಲ" ಎನ್ನುತ್ತಾಳೆ. ಅನುಭವ ಮೊದಲು, ಹೆಸರು ಆಮೇಲೆ. ಈ ಕ್ರಮವನ್ನು ತಲೆಕೆಳಗು ಮಾಡಬೇಡಿ.

ಅನಿಮೇಷನ್ ಒಳ್ಳೆಯದೋ ಕೈಗೊಂಬೆಯೋ?

ಪ್ರಯೋಗವಿರುವ ಸರಣಿಗೆ ಕೈಗೊಂಬೆ. ಗೊಂಬೆ ಮತ್ತು ನಿಜವಾದ ಬಲ್ಬು ಒಂದೇ ಮೇಜಿನ ಮೇಲೆ, ಒಂದೇ ಬೆಳಕಿನಲ್ಲಿ ಇರುತ್ತವೆ. ಗೊಂಬೆ ವೈರನ್ನು ನಿಜವಾಗಿ ಹಿಡಿಯಬಲ್ಲದು. ಅನಿಮೇಷನ್ನಿನಲ್ಲಿ ಬಲ್ಬು ಹೊತ್ತಿದರೆ ಅದು ಹೊತ್ತಿಸಿದ್ದು, ಸಾಕ್ಷಿಯಲ್ಲ. ಧ್ವನಿಯನ್ನು ಸಾಫ್ಟ್‌ವೇರಿನಲ್ಲಿ ಕೀರಲು ಮಾಡಬೇಡಿ. ತರಗತಿಯ ಟಿವಿಯ ಸಣ್ಣ ಸ್ಪೀಕರಿನಲ್ಲಿ ಅಂಥ ಧ್ವನಿಯ ಒತ್ತಕ್ಷರಗಳು ಕೇಳಿಸುವುದೇ ಇಲ್ಲ. ಮಾತಿನ ಲಯ ಬದಲಿಸಿದರೆ ಸಾಕು, ಪಾತ್ರ ಬೇರೆಯಾಗಿ ಕೇಳುತ್ತದೆ.

ಕಂತಿನ ಚೌಕಟ್ಟು ನಿಮಿಷದ ಲೆಕ್ಕದಲ್ಲಿ ಹೇಗಿರಬೇಕು?

ನಮ್ಮ ಮಂಡಲದ ಕಂತು ಏಳೂವರೆ ನಿಮಿಷದ್ದು.

- 0:00 – 0:30: ಮೇಜಿನ ಮೇಲೆ ಸೆಲ್, ಹೊತ್ತದ ಬಲ್ಬ್, ಚಿಣ್ಣಿಯ ಪ್ರಶ್ನೆ. ಪರಿಚಯ, ಸ್ವಾಗತ ಏನೂ ಇಲ್ಲ.
- 0:30 – 0:38: ಶೀರ್ಷಿಕೆ ಮತ್ತು ಸಂಗೀತ, ಎಂಟೇ ಸೆಕೆಂಡು.
- 0:38 – 1:40: ಚಿಣ್ಣಿಯ ಊಹೆ ಮತ್ತು ಅದರ ಕಾರಣ. ಅಕ್ಕ ಸರಿ ಎನ್ನುವುದಿಲ್ಲ, ತಪ್ಪು ಎನ್ನುವುದಿಲ್ಲ.
- 1:40 – 1:50: "ನಿಮಗೇನನ್ನಿಸುತ್ತೆ?" ಎಂದು ಕೇಳಿ ಹತ್ತು ಸೆಕೆಂಡಿನ ಮೌನ.
- 1:50 – 3:30: ಪ್ರಯೋಗ. ಒಂದು ವೈರು, ಹೊತ್ತುವುದಿಲ್ಲ. ಎರಡನೇ ವೈರು, ಹೊತ್ತುತ್ತದೆ.
- 3:30 – 5:00: ವಿವರಣೆ. ಬಲ್ಬಿನ ಬುಡ, ತಿರುಚಿನ ಬದಿ, ಅವುಗಳ ನಡುವಿನ ತಂತು.
- 5:00 – 5:40: ಚಿಣ್ಣಿಯ ಹಳೆಯ ಸಾಕ್ಷಿಗೆ ಉತ್ತರ. ಅಂಗಡಿಯಿಂದ ತಂದ, ಎಲ್ಲಿಗೂ ಜೋಡಿಸದ ದೀಪದ ವೈರನ್ನು ಸೀಳಿದರೆ ಒಳಗೆ ಎರಡು.
- 5:40 – 7:30: ಕ್ವಿಜ್.

ಇದರಲ್ಲಿ ಹೊಸಬರು ಬಿಟ್ಟುಬಿಡುವುದು 5:00ರ ಭಾಗವನ್ನು. ಪ್ರಯೋಗ ಗೆದ್ದಿತು, ಪಾಠ ಮುಗಿಯಿತು ಎಂದುಕೊಳ್ಳುತ್ತಾರೆ. ಆದರೆ ಮಗು ಮನೆಗೆ ಹೋಗಿ ಮೇಜಿನ ದೀಪ ನೋಡಿದರೆ ಅಲ್ಲಿ ಇನ್ನೂ ಒಂದೇ ವೈರು. "ಅದು ಶಾಲೆಯ ಬಲ್ಬಿನ ಮಾತು, ಇದು ಮನೆಯ ಬಲ್ಬು" ಎಂದು ಎರಡನ್ನೂ ಬೇರೆಬೇರೆ ಇಟ್ಟುಕೊಳ್ಳುತ್ತದೆ. ಆ ತಪ್ಪಿಗೆ ಕಾರಣವಾದ ವಸ್ತುವನ್ನೇ ತಂದು ತೆರೆದು ತೋರಿಸಿದರೆ ಮಾತ್ರ ಕೆಲಸ ಪೂರ್ತಿ.

ಪ್ರಯೋಗ ಮತ್ತು ಮೌನಗಳಿಗೆ ಜಾಗ ಬೇಕಾದ್ದರಿಂದ ಇಡೀ ಸ್ಕ್ರಿಪ್ಟು 450 ಪದ ದಾಟದಿರಲಿ. ಓದಿ ನೋಡಿದಾಗ ಉಸಿರುಗಟ್ಟಿದರೆ ವಾಕ್ಯ ಕತ್ತರಿಸಿ, ಓದುವ ವೇಗ ಹೆಚ್ಚಿಸಬೇಡಿ.

ಹತ್ತು ಸೆಕೆಂಡಿನ ಮೌನ ಬೇಸರ ತರುವುದಿಲ್ಲವೇ?

ಎಡಿಟಿಂಗ್ ಮಾಡುವವರಿಗೆ ತರುತ್ತದೆ, ಮಕ್ಕಳಿಗಲ್ಲ. ಎಡಿಟರ್‌ಗೆ ಉತ್ತರ ಗೊತ್ತಿರುವುದರಿಂದ ಮೂರು ಸೆಕೆಂಡೇ ಉದ್ದ ಎನಿಸಿ ಕತ್ತರಿಸಿಬಿಡುತ್ತಾರೆ. ಕತ್ತರಿಸಿದರೆ ಮಗು ಊಹೆ ಮಾಡುವ ಮುಂಚೆಯೇ ಉತ್ತರ ಬಂದು, "ನನಗೂ ಗೊತ್ತಿತ್ತು" ಎನಿಸುತ್ತದೆ. ಬಾಯಿಬಿಟ್ಟು ಅಥವಾ ಬೆರಳೆತ್ತಿ ಒಂದು ಊಹೆಗೆ ಕಟ್ಟುಬಿದ್ದ ಮಗುವಿಗೆ ಮಾತ್ರ ಪ್ರಯೋಗದ ಫಲ ಅಚ್ಚರಿ ತರುತ್ತದೆ. ಪರದೆಯ ಮೇಲೆ ಸಣ್ಣಗಾಗುತ್ತ ಹೋಗುವ ಒಂದು ಪಟ್ಟಿ ಇರಲಿ, ಸಂಗೀತ ಬೇಡ.

ಪ್ರಯೋಗದ ಚಿತ್ರೀಕರಣದಲ್ಲಿ ಏನೇನು ಕೈಕೊಡುತ್ತದೆ?

ಟಾರ್ಚ್ ಬಲ್ಬುಗಳಲ್ಲಿ ಹೆಚ್ಚಿನವು 2.5 ವೋಲ್ಟಿನವು. 1.5 ವೋಲ್ಟಿನ ಒಂದೇ ಸೆಲ್ಲಿಗೆ ಅವು ಮಂದವಾಗಿ ಕೆಂಪಗೆ ಹೊತ್ತುತ್ತವೆ. ಕಣ್ಣಿಗೆ ಕಂಡರೂ ಬಿಸಿಲಿನ ಕೋಣೆಯಲ್ಲಿ ಕ್ಯಾಮೆರಾಕ್ಕೆ ಕಾಣುವುದಿಲ್ಲ. 1.5 ವೋಲ್ಟಿನ ಬಲ್ಬು ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಹೊಸ ಸೆಲ್ ಹಾಕಿ, ಕಿಟಕಿ ಮುಚ್ಚಿ, ಬಲ್ಬಿನ ಹಿಂದೆ ಕಪ್ಪು ಹಾಳೆ ಇಟ್ಟು ಹತ್ತಿರದಿಂದ ತೆಗೆಯಿರಿ. ಬದಲಿಗೆ ಎಲ್‌ಇಡಿ ಬಳಸುವ ಆಸೆ ಬರುತ್ತದೆ, ಬೇಡ. ಬಿಳಿ ಎಲ್‌ಇಡಿಗೆ ಒಂದು ಸೆಲ್ ಸಾಲದು, ತಿರುಗುಮುರುಗಾಗಿ ಜೋಡಿಸಿದರೆ ಹೊತ್ತುವುದೂ ಇಲ್ಲ. ಎರಡೂ ಈ ಕಂತಿಗೆ ಸಂಬಂಧಪಡದ ಹೊಸ ಪ್ರಶ್ನೆ ಎಬ್ಬಿಸುತ್ತವೆ.

ಮೊಬೈಲಿನಲ್ಲಿ ತೆಗೆಯುವಾಗ ಬಲ್ಬು ಹೊತ್ತಿದ ಕ್ಷಣವೇ ಇಡೀ ಚಿತ್ರ ಕಪ್ಪಾಗುವುದುಂಟು. ಕ್ಯಾಮೆರಾ ತಾನೇ ಬೆಳಕು ಹೊಂದಿಸಿಕೊಳ್ಳುವುದರಿಂದ ಹೀಗಾಗುತ್ತದೆ. ಪರದೆಯನ್ನು ಒತ್ತಿಹಿಡಿದು ಎಕ್ಸ್‌ಪೋಷರ್ ಲಾಕ್ ಮಾಡಿ. ಕೋಣೆಯ ಲೈಟಿನಿಂದ ಚಿತ್ರದಲ್ಲಿ ಅಡ್ಡ ಪಟ್ಟಿಗಳು ಹರಿದಾಡಿದರೆ ಷಟರ್ 1/50 ಅಥವಾ 1/100 ಸೆಕೆಂಡಿಗೆ ಇಡಿ. ನಮ್ಮ ಮನೆಯ ಕರೆಂಟು 50 ಹರ್ಟ್ಸ್‌ನದು, ಲೈಟುಗಳು ಮಿಣುಕುವುದು ಅದರ ಎರಡರಷ್ಟು.

ಹೊತ್ತದ ಪ್ರಯತ್ನದಿಂದ ಹೊತ್ತಿದ ಪ್ರಯತ್ನದವರೆಗೆ ಒಂದೇ ಶಾಟ್ ಇರಬೇಕು. ನಡುವೆ ಕಟ್ ಇದ್ದರೆ ಚುರುಕು ಮಗು "ಬೇರೆ ಸೆಲ್ ಹಾಕಿರಬೇಕು" ಎನ್ನುತ್ತದೆ, ಹಾಗನ್ನುವುದು ನ್ಯಾಯವೇ.

ಕ್ವಿಜ್‌ನಲ್ಲಿ ಎಷ್ಟು ಪ್ರಶ್ನೆ, ಎಂಥವು?

ಮೂರು ಪ್ರಶ್ನೆ, ಒಂದೊಂದಕ್ಕೂ ಮೂರೇ ಆಯ್ಕೆ. ಮಂಡಲದ ಕಂತಿನವು ಇವು.

ಮೊದಲನೆಯದು ಚಿತ್ರ. ಒಂದರಲ್ಲಿ ಸೆಲ್ಲಿನ ಎರಡೂ ತುದಿಯ ವೈರುಗಳು ಬಲ್ಬಿನ ಬುಡಕ್ಕೇ ಮುಟ್ಟಿವೆ. ಎರಡರಲ್ಲಿ ಒಂದು ವೈರು ಬುಡಕ್ಕೆ, ಇನ್ನೊಂದು ತಿರುಚಿನ ಬದಿಗೆ. ಮೂರರಲ್ಲಿ ಬುಡಕ್ಕೆ ಒಂದೇ ವೈರು. ಯಾವುದು ಹೊತ್ತುತ್ತದೆ? ಉತ್ತರ ಎರಡು. ಇಲ್ಲಿ ಗಮನಿಸಬೇಕಾದ್ದು ಒಂದನೇ ಆಯ್ಕೆ. ಅದು ನಮ್ಮ ವಿಡಿಯೊವೇ ಹುಟ್ಟಿಸಬಹುದಾದ ಹೊಸ ತಪ್ಪು. "ಎರಡು ವೈರು ಬೇಕು" ಎಂದಷ್ಟೇ ನೆನಪಿಟ್ಟ ಮಗು ಒಂದನ್ನು ಆರಿಸುತ್ತದೆ. ಅಲ್ಲಿ ಕರೆಂಟು ತಂತುವಿನೊಳಗೆ ಹೋಗದೆ ಬುಡದಲ್ಲೇ ದಾಟಿ ವಾಪಸಾಗುತ್ತದೆ, ವೈರು ಸೆಲ್ಲುಗಳು ಬಿಸಿಯಾಗುತ್ತವೆ. ಬಹಳ ಮಕ್ಕಳು ಒಂದನ್ನು ಆರಿಸಿದರೆ 3:30ರ ವಿವರಣೆಯಲ್ಲಿ ತಂತುವಿನ ಎರಡು ತುದಿ ಎಲ್ಲಿಗೆ ಸೇರುತ್ತವೆ ಎಂಬುದು ಸ್ಪಷ್ಟವಾಗಿಲ್ಲ ಎಂದರ್ಥ. ಆ ಭಾಗವನ್ನು ಮತ್ತೆ ತೆಗೆಯಬೇಕು.

ಎರಡನೆಯದು: "ವೈರು ಸರಿಯಾಗಿ ಜೋಡಿಸಿದೆ, ಸೆಲ್ ಹೊಸದು, ಆದರೆ ಬಲ್ಬಿನ ತಂತು ತುಂಡಾಗಿದೆ. ಬಲ್ಬು ಹೊತ್ತುತ್ತಿಲ್ಲ, ಯಾಕೆ?" ಆಯ್ಕೆ 1: ಕರೆಂಟು ಬುಡದವರೆಗೆ ಬಂದು ಅಲ್ಲೇ ಖರ್ಚಾಗುತ್ತದೆ; 2: ಸುತ್ತು ಬಲ್ಬಿನೊಳಗೆ ಕಡಿದುಹೋಗಿದೆ; 3: ಗಾಜು ಕರೆಂಟನ್ನು ತಡೆಯುತ್ತದೆ. ಮೂರನೆಯದು: "ಮೇಜಿನ ದೀಪಕ್ಕೆ ಒಂದೇ ವೈರು ಕಾಣುತ್ತದೆ, ಹಾಗಿದ್ದೂ ಹೊತ್ತುವುದು ಹೇಗೆ?" ಆಯ್ಕೆ 1: ಮನೆಯ ಕರೆಂಟು ಜೋರು, ಒಂದೇ ಸಾಕು; 2: ಹೊದಿಕೆಯೊಳಗೆ ಎರಡು ಬೇರೆ ವೈರುಗಳಿವೆ; 3: ಕರೆಂಟು ಗಾಳಿಯಲ್ಲಿ ವಾಪಸಾಗುತ್ತದೆ.

ಮೂರಕ್ಕೂ ಎರಡನೇ ಆಯ್ಕೆಯೇ ಸರಿಯುತ್ತರವಾಯಿತಲ್ಲ, ಮೊದಲ ಕರಡಿನಲ್ಲಿ ಹೀಗಾಗುವುದು ಸಾಮಾನ್ಯ. ಬರೆಯುವವರು ಸರಿಯುತ್ತರವನ್ನು ನಡುವೆ ಬಚ್ಚಿಡುತ್ತಾರೆ, ಮಕ್ಕಳು ಎರಡೇ ಕಂತಿನಲ್ಲಿ ಅದನ್ನು ಕಂಡುಕೊಳ್ಳುತ್ತಾರೆ. ಚಿತ್ರೀಕರಣಕ್ಕೆ ಮುನ್ನ ಚೀಟಿ ಎತ್ತಿ ಕ್ರಮ ಬದಲಿಸಿ. ಸರಿಯುತ್ತರವೇ ಅತಿ ಉದ್ದದ ವಾಕ್ಯವಾಗಿದೆಯೇ ಎಂದೂ ನೋಡಿ.

ಆಯ್ಕೆಗಳಿಗೆ ಅ, ಆ, ಇ ಎಂದು ಹೆಸರಿಡಬಹುದೇ?

ಪ್ರಶ್ನೆಪತ್ರಿಕೆಯಲ್ಲಿ ಸರಿ, ವಿಡಿಯೊದಲ್ಲಿ ಬೇಡ. ಗದ್ದಲದ ತರಗತಿಯಲ್ಲಿ ಅ ಯಾವುದು, ಆ ಯಾವುದು ಎಂದು ಕಿವಿಗೆ ತಿಳಿಯುವುದಿಲ್ಲ. 1, 2, 3 ಎಂದು ಇಡಿ, ಮಕ್ಕಳು ಅಷ್ಟು ಬೆರಳನ್ನು ಎದೆಯ ಹತ್ತಿರ ಹಿಡಿಯಲಿ. ಶಿಕ್ಷಕರಿಗೆ ಒಂದೇ ನೋಟಕ್ಕೆ ಕಾಣುತ್ತದೆ, ಪಕ್ಕದವರನ್ನು ನೋಡಿ ಬದಲಿಸುವುದೂ ಕಡಿಮೆಯಾಗುತ್ತದೆ.

ಪರದೆಯ ಅಕ್ಷರಗಳ ಎತ್ತರ ಚೌಕಟ್ಟಿನ ಹದಿನೈದನೇ ಒಂದು ಭಾಗಕ್ಕಿಂತ ಕಡಿಮೆ ಬೇಡ. ಒತ್ತಕ್ಷರಗಳು ಮೇಲಿನ ಸಾಲಿನಿಂದ ಇಳಿದು ಕೆಳಗಿನ ಸಾಲಿಗೆ ತಾಗುವುದರಿಂದ ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡಿ. ಕ್ವಿಜ್ ಪರದೆಯನ್ನು ಮೊಬೈಲಿನಲ್ಲಿ ತೆರೆದು ಕೈ ಚಾಚಿ ಹಿಡಿದು ಓದಿ ನೋಡಿ.

ಉತ್ತರವನ್ನು ಯಾವಾಗ, ಯಾರು ಹೇಳಬೇಕು?

ಪ್ರಶ್ನೆ ಮತ್ತು ಆಯ್ಕೆಗಳನ್ನು ಅಕ್ಕ ಓದಿದ ಮೇಲೆ ಹತ್ತು ಸೆಕೆಂಡು ಬಿಟ್ಟು, "ಇಲ್ಲಿ ವಿಡಿಯೊ ನಿಲ್ಲಿಸಬಹುದು" ಎಂಬ ಗುರುತು ತೋರಿಸಿ. ಆಮೇಲೆ ಉತ್ತರ. ಬರಿ "ಎರಡು ಸರಿ" ಎಂದರೆ ಸಾಲದು. ಜನಪ್ರಿಯವಾದ ತಪ್ಪು ಆಯ್ಕೆ ಯಾಕೆ ಸರಿಯಲ್ಲ ಎಂದು ಒಂದು ವಾಕ್ಯ ಇರಲಿ: "ಒಂದನೇ ಚಿತ್ರದಲ್ಲಿ ವೈರು ಎರಡಿವೆ, ಆದರೆ ತಂತುವಿನೊಳಗೆ ದಾರಿಯೇ ಇಲ್ಲ." ಚಿಣ್ಣಿ ಕ್ವಿಜ್‌ನಲ್ಲಿ ತಪ್ಪುತ್ತರ ಹೇಳಬಾರದು. ಈ ಕಂತಿನಲ್ಲಿ ಅದು ಕಲಿತಾಗಿದೆ, ಮತ್ತೆ ತಪ್ಪಿದರೆ ಕಲಿತದ್ದು ಸುಳ್ಳಾಗುತ್ತದೆ. ಅದು ಮಕ್ಕಳ ಜೊತೆ ಬೆರಳೆತ್ತಿ ಕಾಯಲಿ, ಎತ್ತಿದ ಬೆರಳು ಮಾತ್ರ ಕ್ಯಾಮೆರಾಕ್ಕೆ ಕಾಣದಿರಲಿ.

ಶಿಕ್ಷಕರ ಟಿಪ್ಪಣಿಯಲ್ಲಿ ಒಂದು ಸೂಚನೆ ಸೇರಿಸಿ. ಹಾರ್ವರ್ಡ್‌ನ ಎರಿಕ್ ಮಜೂರ್ ರೂಢಿಗೆ ತಂದ ಕ್ರಮದಲ್ಲಿ ಸರಿಯುತ್ತರ ಕೊಟ್ಟವರು ಶೇ 30ರಿಂದ 70ರ ನಡುವೆ ಇದ್ದರೆ ಉತ್ತರ ಹೇಳದೆ ಪಕ್ಕದವರೊಡನೆ ಎರಡು ನಿಮಿಷ ವಾದಿಸಲು ಬಿಟ್ಟು ಮತ್ತೆ ಕೇಳುತ್ತಾರೆ. ನಲವತ್ತು ಮಕ್ಕಳ ತರಗತಿಯಲ್ಲಿ ಅದು ಹನ್ನೆರಡರಿಂದ ಇಪ್ಪತ್ತೆಂಟು. ಹನ್ನೆರಡಕ್ಕಿಂತ ಕಡಿಮೆಯಿದ್ದರೆ ವಾದಿಸಲು ಮಕ್ಕಳ ಬಳಿ ಸಾಮಗ್ರಿಯಿಲ್ಲ, ವಿಡಿಯೊವನ್ನು 3:30ಕ್ಕೆ ಹಿಂದಕ್ಕೆ ಒಯ್ಯಬೇಕು.

ಕಂತುಗಳ ನಡುವೆ ಗೊಂಬೆ ಹಳೆಯದನ್ನು ನೆನಪಿಟ್ಟುಕೊಳ್ಳಬೇಕೇ?

ಖಂಡಿತ. ಹಲವರು ಸೇರಿ ಬರೆಯುವ ಸರಣಿಗಳು ಎಡವುವುದು ಇಲ್ಲಿಯೇ. ನಾಲ್ಕನೇ ಕಂತಿನಲ್ಲಿ ಪೂರ್ಣ ಮಂಡಲ ಕಲಿತ ಚಿಣ್ಣಿ ಒಂಬತ್ತನೇ ಕಂತಿನಲ್ಲಿ ಬೇರೆ ಲೇಖಕರ ಕೈಯಲ್ಲಿ ಮತ್ತೆ "ಒಂದೇ ವೈರು ಸಾಕಲ್ವಾ?" ಎನ್ನುತ್ತದೆ. ಒಂದು ಪಟ್ಟಿ ಇಡಿ: ಕಂತಿನ ಸಂಖ್ಯೆ, ಬರುವಾಗ ಚಿಣ್ಣಿ ನಂಬಿದ್ದು, ಹೋಗುವಾಗ ತಿಳಿದದ್ದು, ಆ ಕಂತಿನಲ್ಲಿ ಮೊದಲ ಸಲ ಬಂದ ಪದಗಳು. ಹೊಸ ಸ್ಕ್ರಿಪ್ಟು ಬರೆಯುವವರು ಮೊದಲು ಇದನ್ನು ಓದಬೇಕು.

ಕಂತುಗಳ ಕ್ರಮವೂ ಇದೇ ಪಟ್ಟಿಯಿಂದ ಬರುತ್ತದೆ. ಪೂರ್ಣ ಮಂಡಲ ಗೊತ್ತಿರುವ ಚಿಣ್ಣಿಗೆ ಮುಂದಿನ ತಪ್ಪು ಸಹಜವಾಗಿಯೇ ಬರುತ್ತದೆ: "ಸುತ್ತು ಬರುತ್ತೆ ಸರಿ, ಆದ್ರೆ ಮೊದಲನೇ ಬಲ್ಬು ಜಾಸ್ತಿ ಕುಡಿದುಬಿಟ್ರೆ ಎರಡನೇದಕ್ಕೆ ಉಳಿಯುತ್ತಾ?" ಇದು ಐದನೇ ಕಂತು. ಒಂದೇ ಸಾಲಿನಲ್ಲಿ ಎರಡು ಬಲ್ಬು ಜೋಡಿಸಿ ಎರಡೂ ಸಮನಾಗಿ ಹೊತ್ತುವುದನ್ನು ತೋರಿಸಬೇಕು. ಅಂಗಡಿಯಿಂದ ತಂದ ಒಂದೇ ಬಗೆಯ ಬಲ್ಬುಗಳಲ್ಲೂ ಸ್ವಲ್ಪ ವ್ಯತ್ಯಾಸ ಇರುವುದರಿಂದ ಒಂದು ಹೆಚ್ಚು ಬೆಳಗಿ ಚಿಣ್ಣಿಯ ತಪ್ಪೇ ಗೆದ್ದುಬಿಡಬಹುದು. ಏಳೆಂಟು ಬಲ್ಬು ತಂದು, ಎರಡೆರಡನ್ನು ಜೋಡಿಸಿ ನೋಡಿ, ಸಮನಾಗಿ ಬೆಳಗುವ ಜೋಡಿಯನ್ನು ಶೂಟಿಂಗಿಗೆ ಎತ್ತಿಡಿ. ಕ್ಯಾಮೆರಾದ ಮುಂದೆ ಬಲ್ಬುಗಳ ಜಾಗ ಅದಲುಬದಲು ಮಾಡಿಯೂ ತೋರಿಸಿ. ಸೆಲ್‌ಗಳು ಮೂರಾದರೂ ಇರಲಿ. ಎರಡೇ ಇದ್ದರೆ 2.5 ವೋಲ್ಟಿನ ಬಲ್ಬೊಂದಕ್ಕೆ ಸಿಗುವುದು 1.5 ವೋಲ್ಟು, ಎರಡೂ ಮಂದವಾಗಿ ಹೋಲಿಸುವುದೇ ಕಷ್ಟವಾಗುತ್ತದೆ.